ರಜೆಯ ಆಟೋ ರಿಪ್ಲೈನಲ್ಲಿ ಸಹೋದ್ಯೋಗಿಯ ನಂಬರ್ ಕೊಡುವುದು ಹೇಗೆ? ಹೋಟೆಲ್ ಸೇಲ್ಸ್‌ನವರಿಗೆ ಒಂದು ಉತ್ತರ

ಪ್ರಶ್ನೆ: ನಾನು ಮೈಸೂರಿನ ಒಂದು ಹೋಟೆಲ್‌ನಲ್ಲಿ ಸೇಲ್ಸ್ ಎಕ್ಸಿಕ್ಯುಟಿವ್. ಆಷಾಢದಲ್ಲಿ ಒಂದು ವಾರ ರಜೆ ಹಾಕಿದ್ದೀನಿ. ಮದುವೆಗೆ ಹಾಲ್ ಕೇಳೋರು, ಕಂಪನಿ ಮೀಟಿಂಗ್‌ನವರು ಎಲ್ಲ ನನಗೇ ಮೇಲ್ ಮಾಡ್ತಾರೆ. ಆಟೋ ರಿಪ್ಲೈನಲ್ಲಿ ಸಹೋದ್ಯೋಗಿಯ ನಂಬರ್ ಕೊಡಬೇಕು, ಆದರೆ ‘ನನ್ನನ್ನು ಬಿಡಿ, ಅವರನ್ನು ಕೇಳಿ’ ಅಂತ ತಳ್ಳಿದ ಹಾಗೆ ಕಾಣಬಾರದು. ಕನ್ನಡದಲ್ಲಿ ಹೇಗೆ ಬರೆಯಲಿ?

ಉತ್ತರ: ಮೊದಲು ಬರಹವನ್ನೇ ಕೊಟ್ಟುಬಿಡುತ್ತೇನೆ, ಯಾಕೆ ಹೀಗೆ ಅಂತ ಆಮೇಲೆ ನೋಡೋಣ. ರಜೆ ಜುಲೈ 20ರ ಸೋಮವಾರ ಶುರುವಾಗಿ, ನೀವು 27ರ ಸೋಮವಾರ ವಾಪಸ್ ಬರುತ್ತೀರಿ ಅಂತ ಇಟ್ಟುಕೊಳ್ಳೋಣ. ನಿಮ್ಮ ಜಾಗದಲ್ಲಿ ಇರುವವರನ್ನು ಸಹನಾ ಅಂತ ಕರೆಯೋಣ.

> ವಿಷಯ: ಜುಲೈ 26ರವರೆಗೆ ರಜೆಯಲ್ಲಿದ್ದೇನೆ. ಹಾಲ್, ರೂಮ್ ಬುಕಿಂಗ್‌ಗೆ ಸಹನಾ: (ನಂಬರ್)
>
> ನಮಸ್ಕಾರ,
>
> ನಿಮ್ಮ ಮೇಲ್ ತಲುಪಿದೆ. ನಾನು ರಜೆಯಲ್ಲಿದ್ದೇನೆ. ಜುಲೈ 27, ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಬರುತ್ತೇನೆ. ಅಲ್ಲಿಯವರೆಗೆ ಈ ಮೇಲ್ ನೋಡುವುದಿಲ್ಲ.
>
> ಈ ವಾರ ನನ್ನ ಕೆಲಸವನ್ನು ಸಹೋದ್ಯೋಗಿ ಸಹನಾ ಅವರು ನೋಡಿಕೊಳ್ಳುತ್ತಿದ್ದಾರೆ. ನಿಮ್ಮ ತಾರೀಖಿಗೆ ಹಾಲ್ ಖಾಲಿ ಇದೆಯೇ ಎಂದು ನೋಡಿ ಹೇಳುವುದು, ರೇಟ್ ಕಳಿಸುವುದು, ಹಾಲ್ ತೋರಿಸುವುದು ಎಲ್ಲವನ್ನೂ ಅವರೇ ಮಾಡಿಕೊಡುತ್ತಾರೆ. ಈಗಾಗಲೇ ನಾವು ಮಾತಾಡಿರುವ ಕಾರ್ಯಕ್ರಮಗಳ ವಿವರವೂ ಅವರ ಬಳಿ ಇದೆ. ನೀವು ಮತ್ತೆ ಮೊದಲಿಂದ ಹೇಳಬೇಕಾಗಿಲ್ಲ.
>
> ಸಹನಾ, ಬ್ಯಾಂಕ್ವೆಟ್ ಸೇಲ್ಸ್
> ಫೋನ್ ಮತ್ತು ವಾಟ್ಸ್‌ಆ್ಯಪ್: (ಕಂಪನಿ ಕೊಟ್ಟ ನಂಬರ್), ಬೆಳಿಗ್ಗೆ 9.30ರಿಂದ ಸಂಜೆ 6.30
> ಮೇಲ್: (ಸೇಲ್ಸ್ ತಂಡದ ಐಡಿ)
>
> ಆ ಸಮಯದ ಆಚೆಗೆ, ಅಥವಾ ಇವತ್ತೇ ಬಂದು ಇಳಿಯುವ ಅತಿಥಿಗಳ ವಿಚಾರಕ್ಕೆ, ನಮ್ಮ ರಿಸೆಪ್ಷನ್‌ಗೆ ಯಾವಾಗ ಬೇಕಾದರೂ ಫೋನ್ ಮಾಡಿ: (ಹೋಟೆಲ್ ಬೋರ್ಡ್ ನಂಬರ್)
>
> ಧನ್ಯವಾದ,
> (ನಿಮ್ಮ ಹೆಸರು, ಹುದ್ದೆ, ಹೋಟೆಲ್)

ತಳ್ಳಿದ ಹಾಗೆ ಕಾಣಬಾರದು ಅಂದಿರಲ್ಲ, ಅದರ ಬಗ್ಗೆ ಹೇಳುತ್ತೇನೆ. ಬಹಳ ಜನ ಮರ್ಯಾದೆಯ ಮಾತುಗಳನ್ನು ಜಾಸ್ತಿ ಸೇರಿಸಿದರೆ ಸರಿಹೋಗುತ್ತೆ ಅಂದುಕೊಳ್ಳುತ್ತಾರೆ. ‘ತಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ’, ‘ತಮ್ಮ ಸಹಕಾರವನ್ನು ಕೋರುತ್ತೇವೆ’ ಅಂತ ಎರಡು ಸಾಲು ಬರೆದು, ಕೊನೆಗೆ ‘ತುರ್ತು ಇದ್ದಲ್ಲಿ ಮಾತ್ರ ಈ ಕೆಳಗಿನವರನ್ನು ಸಂಪರ್ಕಿಸಿ’ ಅಂತ ಒಂದು ಹೆಸರು ಹಾಕುತ್ತಾರೆ. ಓದುವವರಿಗೆ ಇದು ರೈಲ್ವೆ ಸ್ಟೇಷನ್ನಿನ ಅನೌನ್ಸ್‌ಮೆಂಟ್ ಕೇಳಿದ ಹಾಗೆ ಇರುತ್ತೆ. ಅವರಿಗೆ ಬೇಕಾಗಿರುವುದು ಎರಡೇ ವಿಷಯ: ನಾನು ಕೇಳಿದ್ದಕ್ಕೆ ಈಗ ಯಾರು ಉತ್ತರ ಕೊಡುತ್ತಾರೆ, ಮತ್ತು ಅವರಿಗೆ ನನ್ನ ವಿಷಯ ಗೊತ್ತಾ? ಇವೆರಡಕ್ಕೂ ಉತ್ತರ ಸಿಕ್ಕಿದರೆ ನೀವು ಕ್ಷಮೆ ಕೇಳದಿದ್ದರೂ ಅವರಿಗೆ ಬೇಜಾರಾಗುವುದಿಲ್ಲ. ಅದಕ್ಕೇ ಮೇಲಿನ ಬರಹದಲ್ಲಿ ಸಹನಾ ಏನೇನು ಮಾಡಿಕೊಡುತ್ತಾರೆ ಅಂತ ಬಿಡಿಸಿ ಹೇಳಿದ್ದೇನೆ. ಬರೀ ‘ಸಂಪರ್ಕಿಸಿ’ ಅಂದರೆ ಸಂಪರ್ಕಿಸಿ ಏನಾಗುತ್ತೆ ಅಂತ ಗೊತ್ತಾಗಲ್ಲ, ಅಲ್ವಾ? ‘ಹಾಲ್ ಖಾಲಿ ಇದೆಯೇ ನೋಡಿ ಹೇಳುತ್ತಾರೆ, ರೇಟ್ ಕಳಿಸುತ್ತಾರೆ’ ಅಂದ ತಕ್ಷಣ ಕೈ ಫೋನ್ ಕಡೆ ಹೋಗುತ್ತೆ.

‘ತುರ್ತು ಇದ್ದರೆ ಮಾತ್ರ’ ಅನ್ನುವುದನ್ನು ದಯವಿಟ್ಟು ಬರೆಯಬೇಡಿ. ಬೇರೆ ಕೆಲಸಗಳಲ್ಲಿ ನಡೆಯಬಹುದು, ಹೋಟೆಲ್ ಸೇಲ್ಸ್‌ನಲ್ಲಿ ಅದರಿಂದ ನೇರವಾಗಿ ನಷ್ಟ. ಡಿಸೆಂಬರ್ ಮದುವೆಗೆ ಜುಲೈನಲ್ಲಿ ಹಾಲ್ ಹುಡುಕುತ್ತಿರುವ ತಂದೆ ತನ್ನದು ತುರ್ತು ಅಂತ ಅಂದುಕೊಳ್ಳುವುದಿಲ್ಲ. ಇನ್ನೂ ಐದು ತಿಂಗಳಿದೆ, ಇವರು ಬರಲಿ ಬಿಡು ಅಂತ ಸಹನಾಗೆ ಫೋನ್ ಮಾಡುವುದಿಲ್ಲ. ಆದರೆ ಅದೇ ಸಂಜೆ ಇನ್ನೂ ಮೂರು ಹೋಟೆಲ್‌ಗೆ, ಎರಡು ಕಲ್ಯಾಣ ಮಂಟಪಕ್ಕೆ ಮೇಲ್ ಕಳಿಸಿರುತ್ತಾರೆ. ಅವರಲ್ಲಿ ಯಾರು ಮೊದಲು ಫೋನ್ ಮಾಡಿ ‘ಬನ್ನಿ ಸಾರ್, ಹಾಲ್ ನೋಡಿಕೊಂಡು ಹೋಗಿ’ ಅಂತಾರೋ ಅಲ್ಲಿಗೆ ಹೋಗುತ್ತಾರೆ. ನೀವು 27ಕ್ಕೆ ಮೇಲ್ ತೆರೆಯುವ ಹೊತ್ತಿಗೆ ಅಡ್ವಾನ್ಸ್ ಬೇರೆ ಕಡೆ ಹೋಗಿರುತ್ತೆ. ತುರ್ತಾ ಅಲ್ವಾ ಅಂತ ತೀರ್ಮಾನ ಮಾಡುವ ಕೆಲಸವನ್ನು ಗ್ರಾಹಕರ ಮೇಲೆ ಹಾಕಬಾರದು. ಎಲ್ಲರಿಗೂ ಸಹನಾ ಬಾಗಿಲು ತೆರೆದಿರಬೇಕು.

‘ಈ ಮೇಲ್ ನೋಡುವುದಿಲ್ಲ’ ಅನ್ನುವ ಸಾಲು ಸ್ವಲ್ಪ ಗಡುಸು ಅನ್ನಿಸಬಹುದು. ಆದರೂ ಇರಲಿ. ‘ಆಗಾಗ ನೋಡುತ್ತಿರುತ್ತೇನೆ’ ಅಂತ ಬರೆದರೆ ಹಳೆಯ ಗ್ರಾಹಕರು ನಿಮ್ಮನ್ನೇ ಕಾಯುತ್ತಾರೆ, ಯಾಕಂದರೆ ಅವರಿಗೆ ನಿಮ್ಮ ಪರಿಚಯ ಇದೆ, ಸಹನಾ ಪರಿಚಯ ಇಲ್ಲ. ಹಾಗೆಯೇ ರಜೆಯ ಕೊನೆಯ ದಿನಕ್ಕಿಂತ ವಾಪಸ್ ಬರುವ ದಿನ ಮುಖ್ಯ. ‘25ರವರೆಗೆ ರಜೆ’ ಅಂದರೆ 26ರ ಭಾನುವಾರ ಸಿಗುತ್ತಾರಾ ಅಂತ ಓದುವವರು ಲೆಕ್ಕ ಹಾಕುತ್ತಾ ಕೂರಬೇಕು. ವಾರದ ಹೆಸರನ್ನೂ ಸೇರಿಸಿ. ರಜೆ ಯಾಕೆ, ಎಲ್ಲಿಗೆ ಅನ್ನುವುದು ಯಾರಿಗೂ ಬೇಡ. ಮನೆ ಖಾಲಿ ಇದೆ ಅಂತ ಗುರುತಿಲ್ಲದವರಿಗೆ ಹೇಳಿದ ಹಾಗೂ ಆಗುತ್ತೆ.

ವಿಷಯದ ಸಾಲಿನಲ್ಲೇ ನಂಬರ್ ಹಾಕಿ ಅಂತ ಹೇಳುವುದಕ್ಕೂ ಕಾರಣ ಇದೆ. ಮದುವೆ ಮನೆಯವರು ಮೇಲ್ ನೋಡುವುದು ಫೋನ್‌ನಲ್ಲಿ, ಅದೂ ಮೇಲಿಂದ ಜಾರುವ ನೋಟಿಫಿಕೇಶನ್‌ನಲ್ಲಿ. ಎಷ್ಟೋ ಜನ ಮೇಲ್ ತೆರೆಯುವುದೇ ಇಲ್ಲ. ಆದರೆ ಸಾಲು ಉದ್ದವಾದರೆ ಅಲ್ಲೂ ಅರ್ಧಕ್ಕೆ ಕತ್ತರಿಸಿ ತೋರಿಸುತ್ತೆ. ನಿಮ್ಮ ಫೋನ್‌ನಲ್ಲಿ ನಂಬರ್ ಕಾಣದಿದ್ದರೆ ‘26ರವರೆಗೆ ರಜೆ. ಬುಕಿಂಗ್: ಸಹನಾ (ನಂಬರ್)’ ಅಂತ ಚಿಕ್ಕದು ಮಾಡಿ. ಜಿಮೇಲ್‌ನಲ್ಲಿ ವಿಷಯದ ಸಾಲು ಬರೆಯಲು ಜಾಗ ಇದೆ. ಔಟ್‌ಲುಕ್‌ನ ಆಟೋ ರಿಪ್ಲೈನಲ್ಲಿ ಅದು ಇಲ್ಲ, ಅಲ್ಲಿ ಇದೇ ಸಾಲನ್ನು ‘ನಮಸ್ಕಾರ’ಕ್ಕಿಂತ ಮೇಲೆ ಮೊದಲ ಸಾಲಾಗಿ ಹಾಕಿ.

ಇನ್ನು ಸಹನಾ ವಿಚಾರ. ಬ್ಯಾಕಪ್ ಅಂದರೆ ಪಕ್ಕದ ಮೇಜಿನವರ ಹೆಸರು ಬರೆಯುವುದಲ್ಲ. ಅವರು ಹಾಲ್‌ನ ಡೈರಿ ತೆರೆದು ನೋಡಬಲ್ಲವರಾಗಿರಬೇಕು, ಟೆಂಟೆಟಿವ್ ಹಾಕಬಲ್ಲವರಾಗಿರಬೇಕು, ಇಷ್ಟು ರೇಟ್‌ವರೆಗೆ ನಾನೇ ಹೇಳಬಹುದು ಅನ್ನುವ ಅಧಿಕಾರ ಇರಬೇಕು. ಇದಿಲ್ಲದವರ ನಂಬರ್ ಕೊಟ್ಟರೆ ಗ್ರಾಹಕರಿಗೆ ಸಿಗುವ ಉತ್ತರ ‘ಅವರು ಬಂದ ಮೇಲೆ ಹೇಳ್ತಾರೆ ಮೇಡಂ’. ಅದಕ್ಕಿಂತ ಬ್ಯಾಕಪ್ ಇಲ್ಲದಿರುವುದೇ ವಾಸಿ. ರಜೆಗೆ ಮೊದಲು ನಿಮ್ಮ ಸೇಲ್ಸ್ ಮ್ಯಾನೇಜರ್ ಹತ್ತಿರ ಹೋಗಿ, ಈ ವಾರ ಸಹನಾ ಯಾವ ಮಟ್ಟದವರೆಗೆ ರೇಟ್ ಕೊಡಬಹುದು, ಅದಕ್ಕಿಂತ ಕಡಿಮೆ ಕೇಳಿದರೆ ಯಾರನ್ನು ಕೇಳಬೇಕು ಅಂತ ಅವರ ಎದುರಿಗೇ ತೀರ್ಮಾನ ಮಾಡಿಕೊಳ್ಳಿ. ಸಹನಾ ಒಪ್ಪಿಗೆ ಕೇಳಿದ ಮೇಲೇ ನಂಬರ್ ಹಾಕಿ, ಅದೂ ಅವರ ಸ್ವಂತ ನಂಬರ್ ಬೇಡ. ಒಂದು ಸಲ ಮದುವೆ ಬ್ರೋಕರ್‌ಗಳ, ಇವೆಂಟ್‌ನವರ ಫೋನ್‌ಗಳಲ್ಲಿ ಸೇವ್ ಆದ ನಂಬರ್ ವರ್ಷಗಟ್ಟಲೆ ರಾತ್ರಿ ಹತ್ತಕ್ಕೂ ರಿಂಗ್ ಆಗುತ್ತಿರುತ್ತೆ.

ಹೋಟೆಲ್‌ನಲ್ಲಿ ಒಂದು ತೊಂದರೆ ಉಂಟು, ಬೇರೆ ಆಫೀಸುಗಳಲ್ಲಿ ಇದು ಅಷ್ಟಾಗಿ ಬರಲ್ಲ. ನಮ್ಮಲ್ಲಿ ವೀಕ್ಲಿ ಆಫ್ ಎಲ್ಲರಿಗೂ ಭಾನುವಾರ ಇರುವುದಿಲ್ಲ, ಡ್ಯೂಟಿ ರೋಸ್ಟರ್ ಪ್ರಕಾರ ಬೇರೆ ಬೇರೆ ದಿನ. ನಿಮ್ಮ ರಜೆಯ ವಾರದಲ್ಲಿ ಸಹನಾಗೂ ಒಂದು ಆಫ್ ಇದ್ದೇ ಇರುತ್ತೆ. ಆ ದಿನ ಅವರು ಫೋನ್ ಎತ್ತದಿದ್ದರೆ ನಿಮ್ಮ ಆಟೋ ರಿಪ್ಲೈ ಸುಳ್ಳಾಗುತ್ತೆ. ಹಾಗಂತ ಮೂರು ಜನರ ಹೆಸರು, ಮೂರು ನಂಬರ್ ಬರೆದರೆ ಓದುವವರು ಯಾರಿಗೆ ಮಾಡಬೇಕು ಅಂತ ಗೊತ್ತಾಗದೆ ಯಾರಿಗೂ ಮಾಡುವುದಿಲ್ಲ. ಮನುಷ್ಯರ ಹೆಸರು ಒಂದೇ ಇರಲಿ, ಮೇಲ್ ಐಡಿ ಮಾತ್ರ ಸೇಲ್ಸ್ ತಂಡದ್ದಾಗಿರಲಿ, ಅದನ್ನು ಯಾರಾದರೂ ಒಬ್ಬರು ನೋಡುತ್ತಾರೆ. ಸಹನಾ ಆಫ್ ದಿನ ಅವರ ಕಂಪನಿ ಫೋನನ್ನು ಇನ್ನೊಬ್ಬರ ಕೈಗೆ ಕೊಟ್ಟು ಹೋಗುವ ವ್ಯವಸ್ಥೆ ಮಾಡಿ, ಇಲ್ಲವೇ ಕಾಲ್ ಫಾರ್ವರ್ಡ್ ಹಾಕಿಸಿ. ರಿಸೆಪ್ಷನ್ ನಂಬರ್ ಇಟ್ಟಿರುವುದೂ ಇದಕ್ಕೇ. ಅಲ್ಲಿ ಹಗಲೂ ರಾತ್ರಿ ಜನ ಇರುತ್ತಾರೆ, ಗ್ರೂಪ್ ಬಸ್ ರಾತ್ರಿ ಹನ್ನೊಂದಕ್ಕೆ ಬಂದು ನಿಂತರೆ ಅದನ್ನು ಬಗೆಹರಿಸುವವರು ಡ್ಯೂಟಿ ಮ್ಯಾನೇಜರೇ ಹೊರತು ಸೇಲ್ಸ್‌ನವರಲ್ಲ. ಆದರೆ ರಿಸೆಪ್ಷನ್‌ನವರಿಗೂ ಒಂದು ಮಾತು ಹೇಳಿಟ್ಟು ಹೋಗಿ. ಇಲ್ಲದಿದ್ದರೆ ಅವರು ‘ಸೇಲ್ಸ್‌ಗೆ ಕನೆಕ್ಟ್ ಮಾಡ್ತೀನಿ’ ಅಂತ ನಿಮ್ಮ ಖಾಲಿ ಕುರ್ಚಿಯ ಎಕ್ಸ್‌ಟೆನ್ಷನ್‌ಗೇ ಹಾಕುತ್ತಾರೆ.

ಈಗ ಬರಹದ ಅತಿ ಭಾರದ ಸಾಲಿಗೆ ಬರೋಣ: ‘ಈಗಾಗಲೇ ನಾವು ಮಾತಾಡಿರುವ ಕಾರ್ಯಕ್ರಮಗಳ ವಿವರವೂ ಅವರ ಬಳಿ ಇದೆ.’ ಇದನ್ನು ನಿಜ ಮಾಡದೆ ಬರೆಯಬೇಡಿ. ಇದು ನಿಜವಾದರೆ ಮಾತ್ರ ಆಟೋ ರಿಪ್ಲೈಗೆ ಬೆಲೆ.

ಒಂದು ಉದಾಹರಣೆಯನ್ನು ಪೂರ್ತಿ ನೋಡೋಣ. ಡಿಸೆಂಬರ್‌ನ ಒಂದು ಭಾನುವಾರದ ಮುಹೂರ್ತ, ಶನಿವಾರ ಸಂಜೆ ರಿಸೆಪ್ಷನ್. ನಾನೂರು ಜನ, ಇಪ್ಪತ್ತು ರೂಮ್. ಜೂನ್ ಕೊನೆಗೆ ಒಂದು ಕುಟುಂಬ ಬಂದು ಹಾಲ್ ನೋಡಿ ಒಪ್ಪಿದೆ. ಅಡ್ವಾನ್ಸ್ ಕೇಳಿದರೆ, ಆಷಾಢದಲ್ಲಿ ಮದುವೆ ದುಡ್ಡು ಕೊಡಲ್ಲ, ಭೀಮನ ಅಮಾವಾಸ್ಯೆ ಕಳೆದ ಮೇಲೆ ಬಂದು ಕಟ್ಟುತ್ತೇವೆ ಅಂದಿದ್ದಾರೆ. ನಮ್ಮ ಕಡೆ ಇದು ಮಾಮೂಲು. ನೀವು ಡೈರಿಯಲ್ಲಿ ಟೆಂಟೆಟಿವ್ ಅಂತ ಹಾಕಿ, ಹೋಟೆಲ್ ನಿಯಮದ ಪ್ರಕಾರ ಆಪ್ಷನ್ ಡೇಟ್ ಜುಲೈ 22 ಅಂತ ತುಂಬಿಸಿದ್ದೀರಿ. ಆದರೆ ಬಾಯಲ್ಲಿ ‘ಆಯ್ತು ಸಾರ್, ಅಮಾವಾಸ್ಯೆ ಆದ ಮೇಲೆ ಬನ್ನಿ, ಯಾರಾದರೂ ಕೇಳಿದರೆ ನಿಮಗೆ ಹೇಳದೆ ಕೊಡಲ್ಲ’ ಅಂದಿದ್ದೀರಿ. ಆ ಮಾತು ಇರುವುದು ನಿಮ್ಮ ತಲೆಯಲ್ಲಿ ಮಾತ್ರ.

ಜುಲೈ 21ಕ್ಕೆ ಇನ್ನೊಂದು ಮನೆಯವರು ಅದೇ ಶನಿವಾರ ಭಾನುವಾರ ಕೇಳಿ ನಿಮಗೆ ಮೇಲ್ ಮಾಡುತ್ತಾರೆ. ಆಟೋ ರಿಪ್ಲೈ ಚೆನ್ನಾಗಿಯೇ ಕೆಲಸ ಮಾಡುತ್ತೆ, ಅವರು ಸಹನಾಗೆ ಫೋನ್ ಮಾಡುತ್ತಾರೆ. ಸಹನಾ ಡೈರಿ ನೋಡುತ್ತಾರೆ: ಟೆಂಟೆಟಿವ್, ನಾಳೆಗೆ ಮುಗಿಯುತ್ತೆ. 23ಕ್ಕೆ ಎರಡನೆಯವರು ಚೆಕ್ ಹಿಡಿದು ಬರುತ್ತಾರೆ, ಅವರಿಗೆ ಆಷಾಢದ ಲೆಕ್ಕ ಇಲ್ಲ. ಸಹನಾ ಹಾಲ್ ಕೊಟ್ಟುಬಿಡುತ್ತಾರೆ. ಅವರದ್ದು ಏನೂ ತಪ್ಪಿಲ್ಲ, ಡೈರಿ ಹೇಳಿದ್ದನ್ನೇ ಮಾಡಿದ್ದಾರೆ. ಅಮಾವಾಸ್ಯೆ ಕಳೆದು ಮೊದಲನೆಯವರು ದುಡ್ಡು ತಂದಾಗ ಹಾಲ್ ಇಲ್ಲ. ಆ ಮನೆಯವರಿಗೆ ಅದು ಬರೀ ಬುಕಿಂಗ್ ಅಲ್ಲ, ಮುಹೂರ್ತ ಇಟ್ಟಾಗಿದೆ, ಹುಡುಗನ ಕಡೆಯವರಿಗೆ ಜಾಗ ಹೇಳಿಯಾಗಿದೆ.

ಇದನ್ನು ತಡೆಯಲು ಬೇಕಾಗಿದ್ದದ್ದು ಸಹನಾ ಕೈಲಿ ಒಂದು ಹಾಳೆ. ಅದರಲ್ಲಿ ಈ ಕುಟುಂಬದ ಬಗ್ಗೆ ಬರೆಯಬೇಕಾದ್ದು ಇಷ್ಟೇ:

> ಡಿಸೆಂಬರ್ ಶನಿ ಸಂಜೆ, ಭಾನು ಬೆಳಿಗ್ಗೆ, ದೊಡ್ಡ ಹಾಲ್. 400 ಪ್ಯಾಕ್ಸ್, 20 ರೂಮ್. ಹೇಳಿರುವ ರೇಟ್ ಮೇಲ್‌ನಲ್ಲಿದೆ, ಜೂನ್ 28. ಡೈರಿಯಲ್ಲಿ 22ರವರೆಗೆ ಇದೆ, ಆದರೆ ಭೀಮನ ಅಮಾವಾಸ್ಯೆ ಆದ ಮೇಲೆ ಎರಡು ದಿನದವರೆಗೆ ಸಮಯ ಕೊಡ್ತೀನಿ ಅಂತ ಮಾತು ಕೊಟ್ಟಿದ್ದೇನೆ, ಮ್ಯಾನೇಜರ್‌ಗೆ ಗೊತ್ತಿದೆ. ಬೇರೆಯವರು ಕೇಳಿದರೆ ಸೆಕೆಂಡ್ ಆಪ್ಷನ್ ಅಂತ ಹೇಳಿ. ಅವರು ಅಡ್ವಾನ್ಸ್ ಕೊಡಲು ರೆಡಿ ಇದ್ದರೆ ಮೊದಲು ಇವರಿಗೆ ಫೋನ್ ಮಾಡಿ 24 ಗಂಟೆ ಕೊಡಿ. ಫೋನ್ ಹುಡುಗಿಯ ಚಿಕ್ಕಪ್ಪನಿಗೆ ಮಾಡಿ, ತೀರ್ಮಾನ ಅವರದ್ದೇ.

ಕೊನೆಯ ಸಾಲನ್ನು ಗಮನಿಸಿ. ಮೇಲ್ ಬರುವುದು ಹುಡುಗಿಯ ಅಣ್ಣನ ಐಡಿಯಿಂದ, ಆದರೆ ದುಡ್ಡಿನ ಮಾತು ಚಿಕ್ಕಪ್ಪನದು. ಇಂಥದ್ದು ಯಾವ ಸಾಫ್ಟ್‌ವೇರ್‌ನಲ್ಲೂ ಇರುವುದಿಲ್ಲ. ಅದೇ ರೀತಿ ‘ಮ್ಯಾನೇಜರ್‌ಗೆ ಗೊತ್ತಿದೆ’ ಅನ್ನುವುದು ಇಲ್ಲದಿದ್ದರೆ ಸಹನಾ ನಿಯಮದ ಕಡೆಗೇ ನಿಲ್ಲಬೇಕಾಗುತ್ತೆ. ಸಾಧ್ಯವಾದರೆ ರಜೆಗೆ ಮೊದಲೇ ಡೈರಿಯಲ್ಲಿ ಆಪ್ಷನ್ ಡೇಟನ್ನೇ ಬದಲಾಯಿಸಿ ಬಿಡಿ, ಆಗ ಹಾಳೆ ನೋಡದವರಿಗೂ ಗೊತ್ತಾಗುತ್ತೆ.

ನಿಮ್ಮ ಎಲ್ಲ ಗ್ರಾಹಕರಿಗೂ ಹೀಗೆ ಬರೆಯಬೇಕಾಗಿಲ್ಲ. ನೀವಿಲ್ಲದ ವಾರದಲ್ಲಿ ಮತ್ತು ಅದರ ಮುಂದಿನ ಮೂರು ನಾಲ್ಕು ದಿನದಲ್ಲಿ ಯಾವುದರ ಗಡುವು ಬರುತ್ತೆ ಅಂತ ನೋಡಿ: ಮುಗಿಯುವ ಆಪ್ಷನ್‌ಗಳು, ಗ್ರೂಪ್ ರೂಮ್‌ಗಳ ಕಟ್-ಆಫ್, ಬರಬೇಕಾದ ರೂಮಿಂಗ್ ಲಿಸ್ಟ್, ಕಿಚನ್‌ಗೆ ಹೋಗಬೇಕಾದ ಫಂಕ್ಷನ್ ಪ್ರಾಸ್ಪೆಕ್ಟಸ್, ಊಟದ ಮಿನಿಮಮ್ ಗ್ಯಾರಂಟಿ ಸಂಖ್ಯೆ ಹೇಳುವ ಕೊನೆಯ ದಿನ. ಆಷಾಢದಲ್ಲಿ ಮದುವೆ ಇಲ್ಲ ಅಂತ ಹಾಲ್ ಖಾಲಿ ಕೂರುವುದಿಲ್ಲ, ಕಂಪನಿಗಳ ಟ್ರೈನಿಂಗ್, ಮೀಟಿಂಗ್ ಇರುತ್ತವೆ. ಅವುಗಳ ಕೆಲಸ ಕೊನೇ ಗಳಿಗೆಯಲ್ಲೇ ಜಾಸ್ತಿ. ಆ ಪಟ್ಟಿಯಲ್ಲಿ ಇರುವ ಗ್ರಾಹಕರಿಗೆ ಆಟೋ ರಿಪ್ಲೈ ಸಾಲದು. ರಜೆಗೆ ಎರಡು ಮೂರು ದಿನ ಮೊದಲೇ ನೀವೇ ಮೇಲ್ ಮಾಡಿ, ಸಹನಾರನ್ನು ಸಿಸಿಯಲ್ಲಿ ಇಟ್ಟು ಪರಿಚಯ ಮಾಡಿಸಿ:

> ಸಾರ್, ಸೋಮವಾರದಿಂದ ಒಂದು ವಾರ ನಾನು ರಜೆಯಲ್ಲಿರುತ್ತೇನೆ. 23ರ ನಿಮ್ಮ ಟ್ರೈನಿಂಗ್ ಅನ್ನು ಸಹನಾ ನೋಡಿಕೊಳ್ಳುತ್ತಾರೆ, ಈ ಮೇಲ್‌ನಲ್ಲಿ ಅವರೂ ಇದ್ದಾರೆ. ಮೆನು ಮತ್ತು ಪ್ರೊಜೆಕ್ಟರ್ ಬಗ್ಗೆ ನಾವು ಮಾತಾಡಿದ್ದನ್ನು ಅವರಿಗೆ ತಿಳಿಸಿದ್ದೇನೆ. ಊಟಕ್ಕೆ ಎಷ್ಟು ಜನ ಅನ್ನುವುದನ್ನು 21ರ ಸಂಜೆಯೊಳಗೆ ಅವರಿಗೆ ಹೇಳಿದರೆ ಸಾಕು.

ಇದು ಬಂದಿದ್ದರೆ, ಆಮೇಲೆ ಆಟೋ ರಿಪ್ಲೈ ಬಂದಾಗ ಸಹನಾ ಹೆಸರು ಅವರಿಗೆ ಹೊಸದಾಗಿರುವುದಿಲ್ಲ.

ಈ ಮೊದಲೇ ಹೇಳುವುದು ಇನ್ನೊಂದು ಕಾರಣಕ್ಕೂ ಬೇಕು. ಆಟೋ ರಿಪ್ಲೈ ಪ್ರತಿ ಮೇಲ್‌ಗೂ ಹೋಗುವುದಿಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಔಟ್‌ಲುಕ್‌ನಲ್ಲಿ ನೀವು ಆನ್ ಮಾಡಿದ ಅವಧಿಯಲ್ಲಿ ಒಬ್ಬ ವ್ಯಕ್ತಿಗೆ ಒಂದೇ ಸಲ ಹೋಗುತ್ತೆ. ಜಿಮೇಲ್‌ನಲ್ಲಿ ಅದೇ ವ್ಯಕ್ತಿಗೆ ನಾಲ್ಕು ದಿನಕ್ಕೆ ಒಂದು ಸಲ. ಅಂದರೆ ಸೋಮವಾರ ಮೇಲ್ ಮಾಡಿ ಉತ್ತರ ನೋಡದೆ ಬಿಟ್ಟ ಟ್ರಾವೆಲ್ ಡೆಸ್ಕ್‌ನವರು ಬುಧವಾರ ಇನ್ನೊಂದು ಗ್ರೂಪ್ ಬಗ್ಗೆ ಬರೆದರೆ ಅವರಿಗೆ ಏನೂ ಬರುವುದಿಲ್ಲ. ಅವರ ದೃಷ್ಟಿಯಲ್ಲಿ ನೀವು ಸುಮ್ನೆ ಉತ್ತರ ಕೊಟ್ಟಿಲ್ಲ.

ಔಟ್‌ಲುಕ್‌ನಲ್ಲಿ `Automatic Replies` ತೆರೆದರೆ ಎರಡು ಬರಹಕ್ಕೆ ಜಾಗ ಇರುತ್ತೆ, ನಿಮ್ಮ ಸಂಸ್ಥೆಯ ಒಳಗಿನವರಿಗೆ ಒಂದು, ಹೊರಗಿನವರಿಗೆ ಒಂದು. ಒಳಗಿನದನ್ನು ಮಾತ್ರ ತುಂಬಿಸಿ ಎದ್ದು ಹೋಗುವವರಿದ್ದಾರೆ. ಆಗ ಕಿಚನ್‌ನವರಿಗೆ, ಅಕೌಂಟ್ಸ್‌ನವರಿಗೆ ನಿಮ್ಮ ರಜೆ ಗೊತ್ತಾಗುತ್ತೆ, ಗ್ರಾಹಕರಿಗೆ ಗೊತ್ತಾಗುವುದಿಲ್ಲ. ಹೊರಗಿನವರ ಭಾಗದಲ್ಲಿ `My Contacts only` ಅಂತ ಒಂದು ಆಯ್ಕೆ ಕಂಡರೆ ಅದನ್ನು ಆರಿಸಬೇಡಿ, `Anyone outside my organization` ಇರಲಿ. ಮೊದಲ ಸಲ ಮೇಲ್ ಮಾಡುವ ಮದುವೆ ಮನೆಯವರು ನಿಮ್ಮ ಕಾಂಟ್ಯಾಕ್ಟ್ಸ್‌ನಲ್ಲಿ ಇರುವುದಿಲ್ಲ, ಬ್ಯಾಕಪ್ ನಂಬರ್ ಎಲ್ಲರಿಗಿಂತ ಹೆಚ್ಚಾಗಿ ಬೇಕಾಗಿರುವುದು ಅವರಿಗೇ. ಜಿಮೇಲ್‌ನಲ್ಲೂ `Vacation responder` ಕೆಳಗೆ `Only send a response to people in my Contacts` ಅಂತ ಇದೆ, ಅದನ್ನು ಟಿಕ್ ಮಾಡಬೇಡಿ. `Last day` ಅನ್ನು ಮಾತ್ರ ಮರೆಯದೆ ತುಂಬಿಸಿ. ಕೆಲವು ಹೋಟೆಲ್ ಗುಂಪುಗಳಲ್ಲಿ ಹೊರಗೆ ಆಟೋ ರಿಪ್ಲೈ ಹೋಗದಂತೆ ಐಟಿಯವರೇ ತಡೆದಿರುತ್ತಾರೆ. ಹಾಗಾಗಿ ಆನ್ ಮಾಡಿದ ಮೇಲೆ ನಿಮ್ಮ ಸ್ವಂತ ಮೇಲ್‌ನಿಂದ ಆಫೀಸ್ ಐಡಿಗೆ ಒಂದು ಮೇಲ್ ಕಳಿಸಿ ನೋಡಿ. ಬಂದ ಉತ್ತರವನ್ನು ಫೋನ್‌ನಲ್ಲೇ ತೆರೆದು, ಸಹನಾ ನಂಬರ್ ಮುಟ್ಟಿ. ನೇರ ಕಾಲ್ ಹೋಗಬೇಕು. ನಂಬರನ್ನು ಕನ್ನಡ ಅಂಕಿಗಳಲ್ಲಿ ಬರೆದರೆ, ಅಥವಾ ಸಿಗ್ನೇಚರ್ ಚಿತ್ರದ ಒಳಗೆ ಹಾಕಿದರೆ, ಅದು ಆಗದೇ ಹೋಗಬಹುದು.

ಆಟೋ ರಿಪ್ಲೈ ಮುಟ್ಟಲಾಗದ ಒಂದು ಜಾಗ ಇದೆ. ಮದುವೆ ವೆಬ್‌ಸೈಟ್‌ಗಳು, ಇವೆಂಟ್ ಪೋರ್ಟಲ್‌ಗಳು ಕಳಿಸುವ ಎನ್‌ಕ್ವೈರಿ. ಮೇಲ್ ನಿಮಗೇ ಬರುತ್ತೆ, ಆದರೆ ಕಳಿಸಿದ್ದು ಒಂದು ಯಂತ್ರ. ನಿಮ್ಮ ಆಟೋ ರಿಪ್ಲೈ ಅದಕ್ಕೇ ವಾಪಸ್ ಹೋಗುತ್ತೆ ಅಥವಾ ಎಲ್ಲಿಗೂ ಹೋಗುವುದಿಲ್ಲ, ಕೇಳಿದ ಮನುಷ್ಯನಿಗೆ ಅಂತೂ ತಲುಪುವುದಿಲ್ಲ. ಇವುಗಳಿಗೆ ನಯವಾದ ಬರಹದಿಂದ ಉಪಯೋಗ ಇಲ್ಲ. ಆ ಐಡಿಗಳಿಂದ ಬರುವ ಮೇಲ್‌ಗಳು ಸೇಲ್ಸ್ ತಂಡದ ಐಡಿಗೂ ಹೋಗುವಂತೆ ಒಂದು ಫಾರ್ವರ್ಡ್ ರೂಲ್ ಹಾಕಿ, ಇಲ್ಲವೇ ಪೋರ್ಟಲ್‌ನಲ್ಲೇ ಆ ವಾರದ ಮಟ್ಟಿಗೆ ಸಹನಾ ಹೆಸರು ಸೇರಿಸಿ.

ವಾಟ್ಸ್‌ಆ್ಯಪ್ ನೀವು ಕೇಳಿಲ್ಲ, ಆದರೆ ಮದುವೆ ಮನೆಯವರ ಅರ್ಧ ಮಾತು ಅಲ್ಲೇ ನಡೆಯುತ್ತೆ, ಅದನ್ನು ಬಿಟ್ಟರೆ ಉತ್ತರ ಪೂರ್ತಿಯಾಗಲ್ಲ. ನಿಮ್ಮ ಕೆಲಸದ ಫೋನ್‌ನಲ್ಲಿ ವಾಟ್ಸ್‌ಆ್ಯಪ್ ಬಿಸಿನೆಸ್ ಇದ್ದರೆ `Away message` ಅಂತ ಇದೆ, ಅದರಲ್ಲಿ `Custom schedule` ಆರಿಸಿ ತಾರೀಖು ಹಾಕಬಹುದು. ಬರಹ ಎರಡು ಮೂರು ಸಾಲು ಮೀರದಿರಲಿ:

> ನಮಸ್ಕಾರ. ನಾನು ರಜೆಯಲ್ಲಿದ್ದೇನೆ, ಜುಲೈ 27 ಸೋಮವಾರ ಬರುತ್ತೇನೆ. ಹಾಲ್, ರೂಮ್ ವಿಚಾರ ಸಹನಾ ನೋಡಿಕೊಳ್ಳುತ್ತಿದ್ದಾರೆ: (ನಂಬರ್). ನಿಮ್ಮ ತಾರೀಖು ಮತ್ತು ಎಷ್ಟು ಜನ ಅಂತ ಅವರಿಗೆ ಮೆಸೇಜ್ ಮಾಡಿದರೂ ಸಾಕು, ಅವರೇ ಫೋನ್ ಮಾಡುತ್ತಾರೆ.

ಇದಕ್ಕೆ ಒಂದು ಮಿತಿ ಇದೆ. ಆ ಫೋನ್‌ಗೆ ಇಂಟರ್‌ನೆಟ್ ಇದ್ದಾಗ ಮಾತ್ರ ಈ ಮೆಸೇಜ್ ಹೋಗುತ್ತೆ. ಫೋನ್ ಸ್ವಿಚ್ ಆಫ್ ಮಾಡಿಟ್ಟರೆ, ಅಥವಾ ಕೊಡಗಿನ ಸಿಗ್ನಲ್ ಇಲ್ಲದ ತೋಟದ ಮನೆಗೆ ತೆಗೆದುಕೊಂಡು ಹೋದರೆ, ಗ್ರಾಹಕರಿಗೆ ಒಂದೇ ಟಿಕ್ ಕಾಣುತ್ತೆ, ಸಹನಾ ನಂಬರ್ ಸಿಗಲ್ಲ. ಕೆಲಸದ ಫೋನನ್ನು ಚಾರ್ಜರ್ ಸಮೇತ ಸಹನಾ ಮೇಜಿನ ಮೇಲೆ ಬಿಟ್ಟು ಹೋಗುವುದು ಎಲ್ಲಕ್ಕಿಂತ ಒಳ್ಳೆಯದು.

ಕಂಪನಿಗಳವರೂ ಬರೆಯುತ್ತಾರೆ ಅಂದಿರಿ. ಅವರಲ್ಲಿ ಕನ್ನಡ ಓದದವರು ಇದ್ದೇ ಇರುತ್ತಾರೆ, ಆದ್ದರಿಂದ ಇದೇ ಬರಹವನ್ನು ಕೆಳಗೆ ಇಂಗ್ಲಿಷಿನಲ್ಲೂ ಹಾಕಿ. ಕನ್ನಡದ ಭಾಗ ಉದ್ದವಾಗಿ ಇಂಗ್ಲಿಷ್ ಕಾಣದೇ ಹೋಗಬಾರದು, ಅದಕ್ಕೆ ವಿಷಯದ ಸಾಲಿನಲ್ಲಿ ಅಥವಾ ಮೊದಲ ಸಾಲಿನಲ್ಲಿ ನಂಬರ್ ಇರುವುದು ಇಲ್ಲೂ ಸಹಾಯ ಮಾಡುತ್ತೆ. ಎರಡರಲ್ಲೂ ತಾರೀಖು, ಸಮಯ, ನಂಬರ್ ಒಂದೇ ಆಗಿವೆಯಾ ಅಂತ ಬೇರೆಯವರಿಂದ ಓದಿಸಿ ನೋಡಿ. ಹಳೆಯ ರಜೆಯ ಇಂಗ್ಲಿಷ್ ಬರಹವನ್ನೇ ಅಂಟಿಸಿ, ಕನ್ನಡದಲ್ಲಿ ಸಹನಾ, ಇಂಗ್ಲಿಷಿನಲ್ಲಿ ಕೆಲಸ ಬಿಟ್ಟುಹೋದವರ ಹೆಸರು ಇರುವುದನ್ನು ನಾನು ನೋಡಿದ್ದೇನೆ.

ಒಂದು ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ. ಆಟೋ ರಿಪ್ಲೈ ಯಾರಿಗೆ ಹೋಗುತ್ತೆ ಅನ್ನುವುದು ನಿಮ್ಮ ಕೈಯಲ್ಲಿಲ್ಲ, ಪಕ್ಕದ ಹೋಟೆಲ್‌ನವರಿಗೂ ಹೋಗಬಹುದು. ಅದರಲ್ಲಿ ರೇಟ್, ಆಫರ್, ಗ್ರಾಹಕರ ಹೆಸರು, ‘ಈ ವಾರ ಇಂಥ ಕಂಪನಿಯ ಕಾರ್ಯಕ್ರಮ ಇದೆ’ ಅನ್ನುವಂಥದ್ದು ಏನೂ ಬೇಡ. ಅಡ್ವಾನ್ಸ್ ಕಟ್ಟುವ ಬ್ಯಾಂಕ್ ಖಾತೆ ವಿವರವನ್ನಂತೂ ಹಾಕಲೇಬೇಡಿ, ಮೇಲ್‌ನಲ್ಲಿ ಖಾತೆ ನಂಬರ್ ಬದಲಾಯಿಸಿ ದುಡ್ಡು ಹೊಡೆಯುವವರಿಗೆ ‘ಈ ಮನುಷ್ಯ ಒಂದು ವಾರ ಇರಲ್ಲ’ ಅನ್ನುವ ಸುದ್ದಿಯೇ ಸಾಕಷ್ಟು ಅನುಕೂಲ. ರಜೆಯಲ್ಲಿದ್ದಾಗ ಗ್ರಾಹಕರಿಗೆ ನಿಮ್ಮ ಹೆಸರಲ್ಲಿ ಹೊಸ ಖಾತೆಯ ಮೇಲ್ ಬಂದರೆ ಸಹನಾಗೋ ರಿಸೆಪ್ಷನ್‌ಗೋ ಫೋನ್ ಮಾಡಿ ಕೇಳಲಿ, ಅದಕ್ಕೂ ಆ ನಂಬರ್‌ಗಳು ಉಪಯೋಗಕ್ಕೆ ಬರುತ್ತವೆ.

27ರ ಬೆಳಿಗ್ಗೆ ಬಂದು ಕೂತಾಗ ತಕ್ಷಣ ಮೇಲ್‌ಗಳಿಗೆ ಉತ್ತರ ಬರೆಯಲು ಶುರು ಮಾಡಬೇಡಿ. ಮೊದಲು ಸಹನಾ ಜೊತೆ ಹದಿನೈದು ನಿಮಿಷ ಕೂತು, ಯಾರು ಯಾರು ಫೋನ್ ಮಾಡಿದರು, ಯಾರಿಗೆ ಎಷ್ಟು ರೇಟ್ ಹೋಗಿದೆ ಅಂತ ಕೇಳಿ ಬರೆದುಕೊಳ್ಳಿ. 21ಕ್ಕೆ ಬಂದ ಮೇಲ್‌ಗೆ ನೀವು ತಲೆಗೆ 1,400 ರೂಪಾಯಿ ಅಂತ ಉತ್ತರ ಕಳಿಸಿ, ಸಹನಾ 22ಕ್ಕೇ ಫೋನ್‌ನಲ್ಲಿ 1,550 ಹೇಳಿ ಒಪ್ಪಿಸಿದ್ದರೆ, ಆ ಗ್ರಾಹಕರು ನಿಮ್ಮಿಬ್ಬರಲ್ಲಿ ಯಾರನ್ನೂ ನಂಬುವುದಿಲ್ಲ. ಸಹನಾ ಮುಗಿಸಿದ್ದನ್ನು ಸಹನಾಗೇ ಬಿಡಿ. ಅವರ ಹತ್ತಿರ ಮಾತು ಅರ್ಧಕ್ಕೆ ನಿಂತಿರುವವರಿಗೆ ಮಾತ್ರ ‘ಸಹನಾ ಎಲ್ಲ ಹೇಳಿದರು, ಇಲ್ಲಿಂದ ನಾನು ನೋಡಿಕೊಳ್ಳುತ್ತೇನೆ’ ಅಂತ ಬರೆದು, ಅವರನ್ನು ಸಿಸಿಯಲ್ಲಿ ಇಡಿ.